ಪಟ್ಟಿಯಲ್ಲಿ ಕಾಫ್ಕಾ ಇತ್ತು

ಎರಡು ವರ್ಷದ ಹಿಂದೆ ನಾನು ಮಾಡಿದ ಒಂದು ಇಂಟರ್‌ವ್ಯೂ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಹುಡುಗನಿಗೆ ನಾಲ್ಕು ವರ್ಷದ ಅನುಭವ, ಜಾವಾ ಬ್ಯಾಕೆಂಡ್ ಕೆಲಸ. ರೆಸ್ಯೂಮೆಯ ಮೊದಲ ಪುಟದಲ್ಲೇ ಸ್ಕಿಲ್ಸ್ ಅಂತ ಒಂದು ದೊಡ್ಡ ಪ್ಯಾರಾ ಇತ್ತು. ಅಲ್ಪವಿರಾಮ ಹಾಕಿ ಹಾಕಿ ಸಾಲುಗಟ್ಟಿ ಬರೆದಿದ್ದ. ಅದರ ಮಧ್ಯದಲ್ಲಿ ಎಲ್ಲೋ ಕಾಫ್ಕಾ ಇತ್ತು. ನಮ್ಮ ಟೀಮಿನಲ್ಲಿ ಕಾಫ್ಕಾ ಜಾಸ್ತಿ ಬಳಸುತ್ತಿದ್ದೆವು, ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆ. 'ಒಂದು ಟಾಪಿಕ್‌ಗೆ 3 ಪಾರ್ಟಿಷನ್ ಇದೆ, ಒಂದೇ ಗ್ರೂಪ್‌ನಲ್ಲಿ 5 ಕನ್ಸ್ಯೂಮರ್‌ಗಳನ್ನು ಓಡಿಸಿದರೆ ಏನಾಗುತ್ತೆ?' ಇದು ಕಷ್ಟದ ಪ್ರಶ್ನೆ ಅಲ್ಲ. ಒಂದು ಪಾರ್ಟಿಷನ್ನು ಗ್ರೂಪ್‌ನ ಒಬ್ಬ ಕನ್ಸ್ಯೂಮರ್‌ಗೆ ಮಾತ್ರ ಸಿಗುತ್ತೆ, ಆದ್ದರಿಂದ ಇಬ್ಬರು ಸುಮ್ನೆ ಕೂತಿರುತ್ತಾರೆ. ಕಾಫ್ಕಾ ಕನ್ಸ್ಯೂಮರ್ ಬರೆದು ಒಂದು ತಿಂಗಳು ಓಡಿಸಿದವರಿಗೆ ಇದು ಗೊತ್ತಿರುತ್ತೆ.

ಅವನಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ನಿಜ ಹೇಳಿದ. 'ಸರ್, ನಮ್ಮಲ್ಲಿ ಇನ್ನೊಂದು ಟೀಮ್ ಲೈಬ್ರರಿ ಮಾಡಿ ಕೊಟ್ಟಿತ್ತು. ನಾನು ಅದರ ಸೆಂಡ್ ಮೆಥಡ್ ಕರೀತಿದ್ದೆ ಅಷ್ಟೆ.' ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿಂದ ಮುಂದೆ ಅವನ ದನಿಯೇ ಇಳಿದು ಹೋಯಿತು. ಡಾಕರ್ ಬಗ್ಗೆ ಕೇಳಿದರೆ ತಡವರಿಸಿದ, ಆಂಗ್ಯುಲರ್ ಬಗ್ಗೆ ಕೇಳಿದರೆ 'ಅದು ಸ್ವಲ್ಪ ನೋಡಿದೀನಿ' ಅಂದ. ನನ್ನ ಜೊತೆ ಕೂತಿದ್ದವರು ಪಟ್ಟಿಯ ಪದಗಳ ಮೇಲೆ ಒಂದೊಂದಾಗಿ ಗೆರೆ ಎಳೆಯುತ್ತಾ ಹೋದರು.

ಇನ್ನು ಹತ್ತು ನಿಮಿಷ ಉಳಿದಿದೆ ಅನ್ನುವಾಗ, ಮಾತು ಮುಗಿಸಬೇಕಲ್ಲ ಅಂತ, 'ನಿಮಗೆ ಖುಷಿ ಕೊಟ್ಟ ಕೆಲಸ ಯಾವುದಾದರೂ ಹೇಳಿ' ಅಂದೆ. ಆಗ ಅವನು ಬೇರೆಯೇ ಮನುಷ್ಯನ ಹಾಗೆ ಮಾತಾಡಿದ. ಅವರ ಒಂದು ರಿಪೋರ್ಟ್ ತೆರೆಯಲು 40 ಸೆಕೆಂಡ್ ಹಿಡಿಯುತ್ತಿತ್ತಂತೆ. ಮೈಎಸ್‌ಕ್ಯುಎಲ್‌ನಲ್ಲಿ ಆ ಕ್ವೆರಿಗೆ `EXPLAIN` ಹಾಕಿ ನೋಡಿದ್ದಾನೆ. `type` ಕಾಲಂನಲ್ಲಿ `ALL` ಅಂತ ಬಂದಿದೆ, ಅಂದರೆ ಇಡೀ ಟೇಬಲ್ಲನ್ನು ಮೊದಲಿಂದ ಕೊನೆವರೆಗೂ ಓದುತ್ತಿದೆ. ಗ್ರಾಹಕರ ಐಡಿ ಮತ್ತು ದಿನಾಂಕ ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ ಮಾಡಿದ. ಐಡಿಯನ್ನೇ ಯಾಕೆ ಮೊದಲು ಇಟ್ಟಿರಿ ಅಂತ ಕೇಳಿದೆ. 'ಐಡಿಗೆ ಸಮ ಅಂತ ಹುಡುಕ್ತೀವಿ, ದಿನಾಂಕಕ್ಕೆ ಇಂದ-ವರೆಗೆ ಅಂತ ಹುಡುಕ್ತೀವಿ ಸರ್. ದಿನಾಂಕ ಮೊದಲಿಟ್ರೆ ಆ ಅವಧಿಯ ಎಲ್ಲರ ಸಾಲೂ ಓದಬೇಕಾಗುತ್ತೆ' ಅಂದ. ನಮಗೆ ಬೇಕಾಗಿದ್ದು ಇಂಥ ಮನುಷ್ಯನೇ. ಆದರೆ ಸಮಯ ಮುಗಿದಿತ್ತು. 'ರೆಸ್ಯೂಮೆಯಲ್ಲಿ ಬರೆದದ್ದು ಗೊತ್ತಿಲ್ಲ' ಅಂತ ಫಾರಂನಲ್ಲಿ ಬರೆದೆವು. ನಾನೂ ಒಪ್ಪಿಗೆ ಹಾಕಿದೆ. ಆಮೇಲೆ ಅವನ ರೆಸ್ಯೂಮೆ ಮತ್ತೆ ತೆರೆದು ನೋಡಿದೆ. ಎಸ್‌ಕ್ಯುಎಲ್ ಅನ್ನೋ ಪದವೇ ಅದರಲ್ಲಿ ಇರಲಿಲ್ಲ.

ಮೂವತ್ತೈದು ಪದ

ಹೋದ ತಿಂಗಳು ತುಮಕೂರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ತನ್ನ ರೆಸ್ಯೂಮೆ ತಂದು ಮುಂದಿಟ್ಟಳು. ಅವಳಿಗೆ ಮೂರು ವರ್ಷದ ಅನುಭವ, ಬೆಂಗಳೂರಿನಲ್ಲೇ ಕೆಲಸ, ಈಗ ಬೇರೆ ಕಡೆ ನೋಡುತ್ತಿದ್ದಾಳೆ. ಸ್ಕಿಲ್ಸ್ ಜಾಗ ನೋಡಿದ ತಕ್ಷಣ ಆ ಹುಡುಗನ ನೆನಪಾಯಿತು. ಅದೇ ಥರದ ಪ್ಯಾರಾ. ಎಣಿಸಿದೆ, 35 ಪದ ಇದ್ದವು. ಜಾವಾದಿಂದ ಶುರುವಾಗಿ ವಿಂಡೋಸ್, ಎಂಎಸ್ ಆಫೀಸ್ ತನಕ. ಮಧ್ಯದಲ್ಲಿ ಕಾಫ್ಕಾ, ಕುಬರ್ನೆಟಿಸ್, ಮಾಂಗೋಡಿಬಿ, ರಿಯಾಕ್ಟ್, ಆಂಗ್ಯುಲರ್ ಎಲ್ಲ ಇದ್ದವು.

'ಇಷ್ಟೆಲ್ಲ ಯಾಕೆ ಪುಟ್ಟಿ?' ಅಂದೆ.

'ಅಣ್ಣಾ, ಜೆಡಿಯಲ್ಲಿ ಏನೇನು ಕೇಳಿದಾರೋ ಅದೆಲ್ಲ ಇಲ್ಲದಿದ್ರೆ ಹುಡುಕಿದಾಗ ನನ್ನ ಹೆಸರೇ ಬರಲ್ಲ. ಎಲ್ರೂ ಹಾಗೇ ಹಾಕ್ತಾರೆ.'

ಅವಳ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಎಚ್‌ಆರ್‌ನವರು ನಿಜವಾಗಿಯೂ ಪದ ಹಾಕಿ ಹುಡುಕುತ್ತಾರೆ. ಪದ ಇಲ್ಲದಿದ್ದರೆ ರೆಸ್ಯೂಮೆ ಮೇಲೆ ಬರುವುದಿಲ್ಲ. ಆದರೆ ಹುಡುಕಾಟ ದಾಟಿದ ಮೇಲೆ ಅದೇ ಪಟ್ಟಿ ನನ್ನಂಥವರ ಕೈಗೆ ಬರುತ್ತೆ. ಹೆಚ್ಚಿನ ಸಲ ನಾವು ಅದನ್ನು ತೆರೆಯುವುದು ಇಂಟರ್‌ವ್ಯೂಗೆ ಐದು ನಿಮಿಷ ಮುಂಚೆ. ಪ್ರಶ್ನೆ ಎಲ್ಲಿಂದ ಶುರು ಮಾಡಬೇಕು ಅಂತ ಅದರಲ್ಲೇ ಹುಡುಕುತ್ತೇವೆ. ಅಂದರೆ ಪಟ್ಟಿಯಲ್ಲಿ ಬರೆದ ಒಂದೊಂದು ಪದವೂ 'ಇದರ ಬಗ್ಗೆ ಕೇಳಿ' ಅಂತ ನಾವೇ ಕೊಟ್ಟ ಆಹ್ವಾನ. 35 ಆಹ್ವಾನ ಕೊಟ್ಟರೆ ಯಾವುದನ್ನು ಹಿಡಿಯುತ್ತಾರೋ ನಮ್ಮ ಕೈಯಲ್ಲಿರುವುದಿಲ್ಲ. ಆ ಹುಡುಗನ ವಿಷಯದಲ್ಲಿ ನಾನು ಕಾಫ್ಕಾ ಹಿಡಿದೆ, ಅವನ ಒಂದು ಗಂಟೆ ಹಾಗೇ ಹೋಯಿತು.

ಅವಳಿಗೆ ಆ ಕಥೆ ಹೇಳಿದೆ. ಸರಿ, ಇವತ್ತು ಕೂತು ಮುಗಿಸೋಣ ಅಂದಳು.

ಗಿಟ್ ಹೇಳಿದ್ದು

'ಏನೇನು ಗೊತ್ತು' ಅಂತ ಕೇಳಿಕೊಂಡರೆ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತು ಅನಿಸುತ್ತೆ. ಅದಕ್ಕೆ ಅವಳಿಗೆ ಬೇರೆ ಪ್ರಶ್ನೆ ಕೊಟ್ಟೆ: ಎರಡು ವರ್ಷದಲ್ಲಿ ನಿನ್ನ ಕೈ ಯಾವ ಯಾವ ಫೈಲಿನ ಮೇಲೆ ಹೋಗಿದೆ? ಇದಕ್ಕೆ ನೆನಪು ಬೇಕಾಗಿಲ್ಲ. ಗಿಟ್‌ನಲ್ಲಿ ಎಲ್ಲ ದಾಖಲಾಗಿರುತ್ತೆ. ಆಫೀಸ್ ಲ್ಯಾಪ್‌ಟಾಪ್ ಅವಳ ಹತ್ತಿರವೇ ಇತ್ತು. ರೆಪೊ ಫೋಲ್ಡರ್‌ಗೆ ಹೋಗಿ ಇದನ್ನು ಓಡಿಸಿದಳು:

```
git log --author="mail-id" --since="2 years ago" \
  --name-only --pretty=format: |
  grep -oE '\.[A-Za-z]+$' | sort | uniq -c | sort -rn
```

`mail-id` ಇರುವಲ್ಲಿ ಕಮಿಟ್ ಮಾಡುವಾಗ ಬಳಸುವ ಇಮೇಲ್ ಹಾಕಬೇಕು. ಪ್ರತಿ ಕಮಿಟ್‌ನಲ್ಲೂ ಮುಟ್ಟಿದ ಫೈಲುಗಳ ಹೆಸರು ತೆಗೆದು, ಕೊನೆಯ `.java`, `.sql` ಇಂಥದ್ದನ್ನು ಮಾತ್ರ ಇಟ್ಟುಕೊಂಡು, ಯಾವುದು ಎಷ್ಟು ಸಲ ಅಂತ ಎಣಿಸುತ್ತೆ. ವಿಂಡೋಸ್ ಆದರೆ ಗಿಟ್ ಬ್ಯಾಶ್‌ನಲ್ಲಿ ಓಡುತ್ತೆ. ಎಣಿಕೆ ಮಾತ್ರ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಆಫೀಸಿನ ಕೋಡ್ ಹೊರಗೆ ತರೋದು ಬೇಡ.

ಅವಳಿಗೆ ಬಂದದ್ದು ಹೀಗೆ: ಜಾವಾ ಫೈಲು ಸಾವಿರಕ್ಕೂ ಮೇಲೆ. ಎಸ್‌ಕ್ಯುಎಲ್ ಫೈಲು 212. ಆಮೇಲೆ ಎಕ್ಸ್‌ಎಂಎಲ್, ವೈಎಎಂಎಲ್. ಜಾವಾಸ್ಕ್ರಿಪ್ಟ್ 31. ಪೈಥಾನ್ ಸೊನ್ನೆ. ಸಿ, ಸಿ ಪ್ಲಸ್ ಪ್ಲಸ್ ಸೊನ್ನೆ.

212 ನೋಡಿ ಅವಳಿಗೇ ಆಶ್ಚರ್ಯ. ಅವಳ 35 ಪದದಲ್ಲಿ ಮೈಎಸ್‌ಕ್ಯುಎಲ್ ಇತ್ತು, ಎಸ್‌ಕ್ಯುಎಲ್ ಇರಲಿಲ್ಲ. ಇದು ನಾನು ಪದೇ ಪದೇ ನೋಡುವ ತಪ್ಪು. ಮೈಎಸ್‌ಕ್ಯುಎಲ್ ಒಂದು ಡೇಟಾಬೇಸ್, ಎಸ್‌ಕ್ಯುಎಲ್ ಅದರ ಜೊತೆ ಮಾತಾಡುವ ಭಾಷೆ. ಭಾಷೆಗಳ ಸಾಲಿನಲ್ಲಿ ಅದಕ್ಕೆ ಜಾಗ ಇದೆ. ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಸುರಿದಾಗ ಇದು ಗೊತ್ತಾಗುವುದಿಲ್ಲ. ಗುಂಪು ಮಾಡಲು ಕೂತಾಗಲೇ ಭಾಷೆಗಳ ಸಾಲು ಖಾಲಿ ಕಾಣಿಸಿ, ಇಲ್ಲಿ ಏನೋ ಬಿಟ್ಟಿದ್ದೀನಿ ಅನಿಸುವುದು.

ಇನ್ನೊಂದು ವಿಷಯ ಹೊರಬಂದಿತು. ಜಾವಾ ಎಣಿಕೆ ಅಷ್ಟು ಜಾಸ್ತಿ ಆಗಲು ಕಾರಣ ಏನು ಅಂತ `git log --stat` ಹಾಕಿ ನೋಡಿದರೆ, ಒಂದೇ ಕಮಿಟ್‌ನಲ್ಲಿ 180 ಫೈಲು ಬದಲಾಗಿತ್ತು.

'ಇದೇನು?'

'ಅದಾ, `javax` ಇದ್ದಿದ್ದನ್ನೆಲ್ಲ `jakarta` ಮಾಡಿದ್ದು ಅಣ್ಣಾ. ಬೂಟ್ 2.7ರಿಂದ 3ಕ್ಕೆ ಹೋದ್ವಲ್ಲ, ಆಗ.'

ಇದನ್ನು ಎಷ್ಟು ಸಲೀಸಾಗಿ ಹೇಳಿದಳು! ಸ್ಪ್ರಿಂಗ್ ಬೂಟ್ 3 ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೆ ಕನಿಷ್ಠ ಜಾವಾ 17 ಬೇಕು. ಹಳೆಯ `javax` ಪ್ಯಾಕೇಜುಗಳ ಜಾಗದಲ್ಲಿ `jakarta` ಬರಬೇಕು. ಹೈಬರ್ನೇಟ್ ಕೂಡ 5ರಿಂದ 6ಕ್ಕೆ ಹೋಗುತ್ತೆ. ಹೆಸರು ಬದಲಾಯಿಸೋದು ಎಡಿಟರ್‌ನಲ್ಲಿ ಒಂದು ಗಂಟೆಯ ಕೆಲಸ, ಅದೇನು ದೊಡ್ಡದಲ್ಲ. ಬೇರೆ ಏನು ಒಡೆಯಿತು ಅಂತ ಕೇಳಿದೆ. ಟೆಸ್ಟ್ ಸರ್ವರ್‌ಗೆ ಹಾಕಿದ ಮೇಲೆ ಒಂದು ಹಳೆಯ ಕ್ಲೈಂಟ್‌ಗೆ ಮಾತ್ರ 404 ಬರುತ್ತಿತ್ತಂತೆ. ಆ ಕ್ಲೈಂಟ್ ವಿಳಾಸದ ಕೊನೆಯಲ್ಲಿ ಒಂದು ಓರೆಗೆರೆ ಸೇರಿಸಿ ಕಳಿಸುತ್ತಿತ್ತು. ಹಳೆಯ ಸ್ಪ್ರಿಂಗ್ ಅದನ್ನು ಸುಮ್ನೆ ಒಪ್ಪಿಕೊಳ್ಳುತ್ತಿತ್ತು, ಹೊಸದರಲ್ಲಿ ಆ ಸೌಲಭ್ಯ ತಾನಾಗಿ ಇರುವುದಿಲ್ಲ. ಎರಡು ದಿನ ಲಾಗ್ ನೋಡಿ ಇವಳೇ ಹಿಡಿದಿದ್ದಾಳೆ. ಮೂರು ವರ್ಷದ ಅನುಭವದವಳು ಹೀಗೆ ಹೇಳಿದರೆ ನಾನು ಬೇರೆ ಏನೂ ಕೇಳುವುದಿಲ್ಲ. ಆದರೆ ರೆಸ್ಯೂಮೆಯಲ್ಲಿ ಇದರ ಸುಳಿವೇ ಇರಲಿಲ್ಲ. ಅದರ ಬದಲು ಜೆಟುಇಇ ಅಂತ ಇತ್ತು. ಆ ಹೆಸರು 2006ರಲ್ಲೇ ಜಾವಾ ಇಇ ಅಂತ ಬದಲಾಗಿ, ಆಮೇಲೆ ಜಕಾರ್ತಾ ಇಇ ಆಯಿತು. `jakarta` ಅನ್ನೋ ಪ್ಯಾಕೇಜ್ ಹೆಸರು ಬಂದದ್ದೂ ಅಲ್ಲಿಂದಲೇ. ಅವಳೇ ಕೈಯಾರೆ ಬದಲಾಯಿಸಿದ ಹೆಸರಿನ ಹಳೆಯ ರೂಪ ಅವಳ ಪಟ್ಟಿಯಲ್ಲಿ ಕೂತಿತ್ತು! ಸೀನಿಯರ್ ಒಬ್ಬರ ಹಳೆಯ ರೆಸ್ಯೂಮೆಯಿಂದ ನಕಲು ಮಾಡಿದ್ದಂತೆ.

ಆದ್ದರಿಂದ ವರ್ಷನ್ ಹಾಕು ಅಂದೆ. 'ಜಾವಾ' ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. 'ಜಾವಾ 8 ಮತ್ತು 17, ಸ್ಪ್ರಿಂಗ್ ಬೂಟ್ 2.7 ಮತ್ತು 3' ಅಂತ ಬರೆದರೆ, ಓದುವವನಿಗೆ ನಡುವೆ ಒಂದು ವಲಸೆ ನಡೆದಿದೆ ಅಂತ ತಾನಾಗಿಯೇ ಕಾಣುತ್ತೆ. ಅವನು ಅದನ್ನೇ ಕೇಳುತ್ತಾನೆ. ನೌಕ್ರಿಯ ಪ್ರೊಫೈಲ್‌ನಲ್ಲಿ ಐಟಿ ಸ್ಕಿಲ್ಸ್ ತುಂಬುವಾಗ ವರ್ಷನ್ ಯಾವುದು, ಕೊನೆಗೆ ಬಳಸಿದ್ದು ಯಾವಾಗ ಅಂತ ಕೇಳುತ್ತಾರಲ್ಲ, ತುಂಬಾ ಜನ ಅದನ್ನು ಖಾಲಿ ಬಿಡುತ್ತಾರೆ. ನನ್ನ ಪ್ರಕಾರ ಅವೆರಡೇ ಅಲ್ಲಿ ಕೆಲಸಕ್ಕೆ ಬರುವ ಕಾಲಂಗಳು.

ಎಣಿಕೆಯನ್ನು ಪೂರ್ತಿ ನಂಬಬಾರದು. ಆ 180 ಫೈಲಿನಂಥ ಒಂದು ಕಮಿಟ್ ಲೆಕ್ಕವನ್ನೇ ಏರಿಸಿಬಿಡುತ್ತೆ. ಟೂಲುಗಳು ತಾವೇ ಬರೆಯುವ ಫೈಲುಗಳೂ ಸೇರುತ್ತವೆ. ಫೈಲ್ ಮುಟ್ಟಿದ್ದೂ ಅರ್ಥ ಆಗಿದ್ದೂ ಒಂದೇ ಅಲ್ಲ. ಆದರೆ ಸೊನ್ನೆ ಅಂತ ಬಂದರೆ ಅದು ಸೊನ್ನೆಯೇ. ಪೈಥಾನ್ ಕಾಲೇಜ್ ಲ್ಯಾಬ್‌ನಲ್ಲಿ ಬರೆದದ್ದು ಬಿಟ್ಟರೆ ಮತ್ತೆ ಮುಟ್ಟಿಲ್ಲ ಅಂತ ಅವಳೇ ಒಪ್ಪಿಕೊಂಡಳು. ಈಗಷ್ಟೇ ಕಾಲೇಜು ಮುಗಿಸಿದವರ ಮಾತು ಬೇರೆ. ಅವರ ಹತ್ತಿರ ಲ್ಯಾಬು, ಪ್ರಾಜೆಕ್ಟು ಬಿಟ್ಟು ಬೇರೆ ಇರುವುದಿಲ್ಲ, ಅವರು ಅದನ್ನು 'ಕೋರ್ಸ್‌ನಲ್ಲಿ ಬಳಸಿದ್ದು' ಅಂತ ಹೇಳಿಯೇ ಹಾಕಬಹುದು.

ಯಾವ ಸಾಲಿಗೆ ಯಾವುದು

ಗುಂಪು ಮಾಡುವಾಗ ತಲೆ ಕೆಡಿಸಿಕೊಳ್ಳುವ ಕೆಲವು ಪದ ಇವೆ. ರಿಯಾಕ್ಟ್ ತನ್ನನ್ನು ತಾನು ಲೈಬ್ರರಿ ಅಂತಲೇ ಕರೆದುಕೊಳ್ಳುತ್ತೆ. ನೋಡ್ ಜೆಎಸ್ ಜಾವಾಸ್ಕ್ರಿಪ್ಟ್ ಓಡಿಸುವ ರನ್‌ಟೈಮ್, ಫ್ರೇಮ್‌ವರ್ಕ್ ಅಲ್ಲ. ಇದಕ್ಕೆಲ್ಲ ಸುಲಭದ ದಾರಿ ಇದೆ: ಸಾಲಿನ ಹೆಸರನ್ನೇ 'ಫ್ರೇಮ್‌ವರ್ಕ್ ಮತ್ತು ಲೈಬ್ರರಿ' ಅಂತ ಅಗಲ ಮಾಡಿದರೆ ಸಾಕು. ಎಚ್‌ಟಿಎಂಎಲ್ಲನ್ನು ಭಾಷೆ ಅಂತ ಹಾಕಿದ್ದಕ್ಕೆ ನಾನಂತೂ ಯಾರನ್ನೂ ತಿರಸ್ಕರಿಸಿಲ್ಲ. ಆದರೆ ಸ್ಪ್ರಿಂಗ್ ಬೂಟನ್ನು ಟೂಲ್ಸ್ ಸಾಲಿನಲ್ಲಿ, ಗಿಟ್ಟನ್ನು ಫ್ರೇಮ್‌ವರ್ಕ್ ಸಾಲಿನಲ್ಲಿ ನೋಡಿದಾಗ ಸ್ವಲ್ಪ ನಿಲ್ಲುತ್ತೇನೆ. ದಿನಾ ಬಳಸುವವರಿಗೆ ಆ ಗೊಂದಲ ಬರುವುದಿಲ್ಲ.

ಯಾವ ಸಾಲಿಗೂ ಸೇರದವೂ ಇವೆ. ಮೈಕ್ರೋಸರ್ವಿಸ್, ರೆಸ್ಟ್ ಎಪಿಐ, ಅಜೈಲ್. ಇವು ಭಾಷೆಯೂ ಅಲ್ಲ, ಟೂಲೂ ಅಲ್ಲ, ಕೆಲಸ ಮಾಡುವ ರೀತಿ. ಇವನ್ನು ಅವಳ ಪ್ರಾಜೆಕ್ಟ್ ವಿವರಕ್ಕೆ ಕಳಿಸಿದೆವು. ಅಲ್ಲಿ 'ಮೂರು ಸರ್ವಿಸ್‌ಗಳಲ್ಲಿ ಬಿಲ್ಲಿಂಗ್ ಸರ್ವಿಸ್‌ನ ಎಪಿಐಗಳು' ಅಂತ ಬರೆದಾಗ ಪದವೂ ಉಳಿಯಿತು, ಅರ್ಥವೂ ಬಂತು. ಎಕ್ಲಿಪ್ಸ್, ಪೋಸ್ಟ್‌ಮನ್, ವಿಂಡೋಸ್ ತೆಗೆದೆವು. ಒರಾಕಲ್, ಮಾಂಗೋಡಿಬಿ, ಆಂಗ್ಯುಲರ್, ಕಾಫ್ಕಾ ಬರೀ ವಿಡಿಯೋ ನೋಡಿ ಕಲಿತದ್ದು. ತೆಗೆದೆವು. ಜೆಯುನಿಟ್, ಮಾಕಿಟೋ ಸೇರಿಸಿದೆವು. ದಿನಾ ಟೆಸ್ಟ್ ಬರೆಯುತ್ತಾಳೆ, ಆದರೆ 'ಅದೂ ಒಂದು ಸ್ಕಿಲ್ಲಾ' ಅಂದುಕೊಂಡು ಬಿಟ್ಟಿದ್ದಳು. ರೆಡಿಸ್ ಕೂಡ ಹಾಗೇ ಬಿಟ್ಟು ಹೋಗಿತ್ತು.

ನಕ್ಷತ್ರ ಬೇಡ, ಕೆಲಸ ಬರಿ

ಅವಳ ಟೆಂಪ್ಲೇಟ್‌ನಲ್ಲಿ ಪಕ್ಕಕ್ಕೆ ನಕ್ಷತ್ರಗಳೂ ಇದ್ದವು. ಜಾವಾಗೆ ಐದಕ್ಕೆ ನಾಲ್ಕು, ಡಾಕರ್‌ಗೆ ಮೂರು. ಐದು ಅಂದರೆ ಯಾರಷ್ಟು? ಅವಳ ಟೀಮ್ ಲೀಡ್‌ನಷ್ಟಾ, ಜಾವಾ ಬರೆದವರಷ್ಟಾ? ಅಳತೆಗೋಲು ಇಲ್ಲದ ಅಂಕ ಅದು. ಓದುವವನು ತನ್ನ ಅಳತೆಗೋಲನ್ನೇ ಹಿಡಿಯುತ್ತಾನೆ. 'ಎಕ್ಸ್‌ಪರ್ಟ್' ಅಂತ ಬರೆದವರಿಗೆ ನಮ್ಮ ಕಡೆ ಗಾರ್ಬೇಜ್ ಕಲೆಕ್ಷನ್ ಬಗ್ಗೆ, ಥ್ರೆಡ್‌ಗಳ ನಡುವೆ ಮೆಮೊರಿ ಹೇಗೆ ಕಾಣುತ್ತೆ ಅನ್ನೋದರ ಬಗ್ಗೆ ಪ್ರಶ್ನೆ ಹೋಗುತ್ತೆ. ಅದೂ ಅಲ್ಲದೆ ನಕ್ಷತ್ರ, ಬಾರ್‌ಗಳನ್ನು ಚಿತ್ರವಾಗಿ ಹಾಕಿದರೆ ರೆಸ್ಯೂಮೆ ಓದುವ ಸಾಫ್ಟ್‌ವೇರ್‌ಗೆ ಅದು ಕಾಣುವುದೇ ಇಲ್ಲ. ಎರಡು ಕಾಲಂ ಮಾಡಿದ ಪುಟದಲ್ಲಿ ಸಾಲುಗಳು ಒಂದಕ್ಕೊಂದು ಕಲಸಿಹೋಗುವುದನ್ನೂ ನೋಡಿದ್ದೇನೆ. ಪಿಡಿಎಫ್‌ನಿಂದ ಎಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿದರೆ ಸುಮಾರಾಗಿ ಗೊತ್ತಾಗುತ್ತೆ.

ನಕ್ಷತ್ರದ ಬದಲು ಏನು? ಅದರಿಂದ ಏನು ಮಾಡಿದೆ ಅಂತ ಎರಡು ಮೂರು ಪದ. ಡಾಕರ್ ವಿಷಯಕ್ಕೆ ಬಂದಾಗ ನಮ್ಮ ನಡುವೆ ಸ್ವಲ್ಪ ವಾದವೇ ಆಯಿತು. ಡಾಕರ್‌ಫೈಲ್ ಬರೆದಿದ್ದು ಬೇರೆಯವರು. ಇವಳು ತನ್ನ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್, ರೆಡಿಸ್ ಎಲ್ಲ ಎಬ್ಬಿಸಲು `docker compose up` ಬಳಸುತ್ತಾಳೆ.

'ಹಾಗಂತ ಬರೆದ್ರೆ ಕಡಿಮೆ ಅನ್ಸಲ್ವಾ?' ಅಂದಳು.

'ಹುಡುಕುವವರಿಗೆ ಡಾಕರ್ ಅನ್ನೋ ಪದ ಸಿಗುತ್ತೆ ತಾನೇ? ಓದುವವರಿಗೆ ನಿಜ ಸಿಗುತ್ತೆ. ಇಮೇಜ್ ಲೇಯರ್ ಬಗ್ಗೆ ಕೇಳೋದು ಬಿಟ್ಟು ಕಂಪೋಸ್ ಬಗ್ಗೆ ಕೇಳ್ತಾರೆ. ಅದು ನಿಂಗೆ ಗೊತ್ತು.'

ಮಿತಿ ಹೇಳಿ ಬರೆದರೆ ಹುಡುಕಾಟದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಪದ ಅಲ್ಲೇ ಇರುತ್ತೆ. ಆ ಹುಡುಗ 'ಕಾಫ್ಕಾ: ಒಳಗಿನ ಲೈಬ್ರರಿ ಮೂಲಕ ಸಂದೇಶ ಕಳಿಸುವುದು' ಅಂತ ಬರೆದಿದ್ದರೆ ಅವನ ಹೆಸರು ನಮ್ಮ ಹುಡುಕಾಟದಲ್ಲಿ ಬರುತ್ತಿತ್ತು, ನಾನು ಪಾರ್ಟಿಷನ್ ಬಗ್ಗೆ ಕೇಳುತ್ತಿರಲಿಲ್ಲ. ಕುಬರ್ನೆಟಿಸ್‌ಗೂ ಹೀಗೇ ಮಾಡಿದೆವು. ಅವಳು ಅದರಲ್ಲಿ ಲಾಗ್ ನೋಡುತ್ತಾಳೆ, ಪಾಡ್ ಎದ್ದಿದೆಯಾ ಅಂತ ನೋಡುತ್ತಾಳೆ, ಅಷ್ಟೆ. ಅಷ್ಟನ್ನೇ ಬರೆದೆವು.

ಸಂಜೆ ಹೊತ್ತಿಗೆ ಪಟ್ಟಿ ಹೀಗಾಯಿತು:

```
Languages: Java 8 and 17, SQL, JavaScript for small fixes in React
Frameworks and libraries: Spring Boot 2.7 and 3, Hibernate,
  JUnit 5, Mockito
Databases: MySQL, Redis for caching
Tools: Git, Maven, Docker Compose for local setup
Cloud: Kubernetes for logs and pod status, AWS S3 from Java
```

35 ಇದ್ದದ್ದು 15 ಆಗಿತ್ತು. ಪ್ರತಿ ಸಾಲಿನಲ್ಲೂ ಜಾಸ್ತಿ ಬಳಸುವುದು ಮೊದಲು, ಕಡಿಮೆ ಬಳಸುವುದು ಕೊನೆಗೆ. ಇದನ್ನು ಹಿಡಿದು ನಾನು ಅವಳಿಗೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಒಂದೊಂದು ಪದಕ್ಕೂ ಎರಡು ಪ್ರಶ್ನೆ: ಇದನ್ನು ಎಲ್ಲಿ ಬಳಸಿದೆ, ಅಲ್ಲಿ ಏನು ಕೆಟ್ಟಿತು? ಮೊದಲನೆಯದಕ್ಕೆ ಯಾರಾದರೂ ಉತ್ತರ ಕೊಡಬಹುದು. ಎರಡನೆಯದಕ್ಕೆ ಕೈಯಿಟ್ಟು ಕೆಲಸ ಮಾಡಿರಬೇಕು. ರೆಡಿಸ್‌ಗೆ ಬಂದಾಗ ಅವಳು ಹೇಳಿದ್ದು: ದರ ಬದಲಾದ ಮೇಲೂ ಹಳೆಯ ದರವೇ ಹತ್ತು ನಿಮಿಷ ಕಾಣುತ್ತಿತ್ತು, ಬದಲಾಯಿಸುವ ಜಾಗದಲ್ಲಿ ಕ್ಯಾಶ್ ಅಳಿಸೋದು ಮರೆತಿದ್ದರು. ಅದು ಪಾಸ್. ಎಸ್3ಗೆ ಬಂದಾಗ ಮಾತ್ರ ಏನೂ ನೆನಪಾಗಲಿಲ್ಲ. ಎರಡು ಸಲ ಫೈಲ್ ಏರಿಸುವ ಕೋಡ್ ಬರೆದಿದ್ದಾಳೆ, ಏನೂ ಕೆಟ್ಟಿಲ್ಲ. ಇಡೋಣ್ವಾ ಬೇಡ್ವಾ ಅಂತ ಸ್ವಲ್ಪ ಹೊತ್ತು ಯೋಚಿಸಿದೆವು. ಇಟ್ಟೆವು, ಕೊನೆಯ ಸಾಲಿನಲ್ಲಿ ಇದೆ, 'ಜಾವಾದಿಂದ' ಅಂತ ಮಿತಿಯೂ ಹೇಳಿದೆ. ಅದು ಸರಿಯಾ ಅಂತ ನನಗೆ ಈಗಲೂ ಪೂರ್ತಿ ಖಾತ್ರಿ ಇಲ್ಲ.

ರಾತ್ರಿ ಬೆಂಗಳೂರಿಗೆ ವಾಪಸ್ ಬಂದು ನನ್ನದೇ ರೆಸ್ಯೂಮೆ ತೆರೆದೆ. ಭಾಷೆಗಳ ಸಾಲಿನಲ್ಲಿ ಎರಡನೆಯದಾಗಿ ಸ್ಕಾಲಾ ಇತ್ತು. ಅದರಲ್ಲಿ ಮೂರು ವರ್ಷ ಮನಸಿಟ್ಟು ಕೆಲಸ ಮಾಡಿದ್ದೆ, ತುಂಬಾ ಇಷ್ಟಪಟ್ಟ ಭಾಷೆ. ಖಾಲಿ ಫೈಲ್ ತೆರೆದು ಒಂದು ಸಣ್ಣ ಫಂಕ್ಷನ್ ಬರೆಯಲು ಕೂತೆ. ಎರಡನೇ ಸಾಲಿನಲ್ಲೇ ಕೈ ನಿಂತಿತು. ಅಳಿಸಿಬಿಡಲು ಮನಸ್ಸು ಬರಲಿಲ್ಲ, ಮಾಡಿದ ಕೆಲಸ ಸುಳ್ಳಲ್ಲವಲ್ಲ. ಸಾಲಿನ ಕೊನೆಗೆ ತಂದು, ಪಕ್ಕದಲ್ಲಿ '2016ರಿಂದ 2019' ಅಂತ ವರ್ಷ ಬರೆದು ಸೇವ್ ಮಾಡಿದೆ.